ಜಾವಾ ಭಾಷೆಯಲ್ಲಿ ‘ನಾನು’ ಅಂದರೆ ಯಾವ ನಾನು?

ನಮಸ್ಕಾರ. ಇವತ್ತು ಒಂದೇ ಒಂದು ವಾಕ್ಯ ಹಿಡಿದು ಮಾತಾಡ್ತೀನಿ. "ನನ್ನ ಬಗ್ಗೆ ನನಗೇ ಇನ್ನೂ ಜಾಸ್ತಿ ಗೌರವ ಇದ್ದಿದ್ದರೆ ಚೆನ್ನಾಗಿತ್ತು." 1965ರಲ್ಲಿ ಮೋರಿಸ್ ರೋಸೆನ್‌ಬರ್ಗ್ ಅವರು ಮಾಡಿದ ಸ್ವಾಭಿಮಾನದ ಅಳತೆಪಟ್ಟಿಯಲ್ಲಿ ಇದು ಎಂಟನೆಯದು. ಒಟ್ಟು ಹತ್ತು ವಾಕ್ಯ, ಪ್ರತಿಯೊಂದಕ್ಕೂ ಪೂರ್ತಿ ಒಪ್ಪುತ್ತೇನೆ ಅನ್ನುವುದರಿಂದ ಒಪ್ಪುವುದೇ ಇಲ್ಲ ಅನ್ನುವವರೆಗೆ ನಾಲ್ಕು ಆಯ್ಕೆ. ಈ ಎಂಟನೆಯದನ್ನು ಒಪ್ಪಿದರೆ ನಿಮ್ಮ ಸ್ವಾಭಿಮಾನ ಕಡಿಮೆ ಎಂದು ಲೆಕ್ಕ.

ಇದನ್ನು ಇಂಡೋನೇಷ್ಯಾದ ಜಾವಾ ಭಾಷೆಗೆ ತರಬೇಕು ಅಂದುಕೊಳ್ಳಿ. ಮೊದಲ ತೊಡಕು ‘ನಾನು’ ಎಂಬಲ್ಲೇ ಬರುತ್ತದೆ. ಕನ್ನಡದಲ್ಲಿ ನೀನು, ನೀವು ಅಂತ ಬದಲಾಗುತ್ತದೆ, ಆದರೆ ಯಾರ ಮುಂದೆ ಕೂತರೂ ನಾನು ನಾನೇ. ಜಾವಾದಲ್ಲಿ ಹಾಗಲ್ಲ. ಗೆಳೆಯರ ಜೊತೆ, ತನ್ನೊಳಗೆ ತಾನು ಮಾತಾಡುವಾಗ ‘ನ್ಗೊಕೊ’ ಮಟ್ಟದ ‘ಅಕು’. ಹಿರಿಯರ ಮುಂದೆ, ಅಪರಿಚಿತರ ಮುಂದೆ ‘ಕ್ರಮ’ ಮಟ್ಟದ ‘ಕುಲ’. ನಮ್ಮ ‘ಕ್ರಮ’ ಬಂದಿರುವ ಸಂಸ್ಕೃತ ಪದವೇ ಅಲ್ಲಿಯೂ ಆ ಹೆಸರಾಗಿದೆ. ಇದರ ಮೇಲೆ ‘ಕ್ರಮ ಇಂಗ್ಗಿಲ್’ ಎಂಬ ಗೌರವದ ಪದಗಳ ಗುಂಪಿದೆ. ಅವನ್ನು ಬೇರೆಯವರಿಗೆ ಮಾತ್ರ ಬಳಸಬೇಕು. ತನಗೇ ಬಳಸಿಕೊಂಡರೆ ಅದು ದೊಡ್ಡ ತಪ್ಪು.

ಈಗ ಯೋಚಿಸಿ. ತನ್ನನ್ನು ತಗ್ಗಿಸಿಕೊಂಡು ಮಾತಾಡುವುದನ್ನು ವ್ಯಾಕರಣವೇ ಕಲಿಸುವ ಭಾಷೆಯಲ್ಲಿ ‘ಕುಲ’ ಎಂದು ಪ್ರಶ್ನೆ ಬರೆದರೆ, ಓದುವವರು ಎದುರಿಗಿರುವ ಸಂಶೋಧಕರಿಗೆ ವಿನಯದಿಂದ ಉತ್ತರ ಕೊಡುತ್ತಾರೆ. ‘ಅಕು’ ಎಂದರೆ ತಮ್ಮೊಳಗೆ ತಾವು ಹೇಳಿಕೊಂಡ ಹಾಗೆ. ಅದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟ: ಸೂಚನೆಗಳೆಲ್ಲ ಕ್ರಮದಲ್ಲಿರಲಿ, ಹತ್ತು ವಾಕ್ಯಗಳು ನ್ಗೊಕೊದಲ್ಲಿರಲಿ. ಆದರೆ ಕಾಗದದ ಮೇಲೆ ಸರಿಯಾಗಿ ಕಾಣುವ ಇದು, ಹಳ್ಳಿಯ ಅಜ್ಜಿಗೆ ಹುಡುಗನೊಬ್ಬ ಜೋರಾಗಿ ಓದಿ ಹೇಳುವಾಗ ಒರಟಾಗಿ ಕೇಳಿಸಬಹುದು. ಆದ್ದರಿಂದ ಎರಡೂ ರೀತಿಯಲ್ಲಿ ಕೇಳಿ ನೋಡಬೇಕು.

ಎಂಟನೇ ವಾಕ್ಯಕ್ಕೆ ಬರೋಣ. ಗೌರವಿಸು ಅನ್ನಲು ‘ನ್ಗಜೆನಿ’ ಎಂಬ ಪದವಿದೆ. "ಅಕು ಕೆಪೆಂಗಿನ್ ಬಿಸ ಲುವಿಹ್ ನ್ಗಜೆನಿ ಅವಕ್ಕು ಧೆವೆ" ಎಂದು ಬರೆಯಬಹುದು. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ‘ಕೆಪೆಂಗಿನ್’ ಅಂದರೆ ಬಯಕೆ. ಓದಿದವರಿಗೆ "ನನ್ನನ್ನು ನಾನು ಇನ್ನೂ ಚೆನ್ನಾಗಿ ಗೌರವಿಸಿಕೊಳ್ಳಬೇಕು" ಎಂಬ ಒಳ್ಳೆಯ ಸಂಕಲ್ಪದ ಹಾಗೆ ಕೇಳಿಸಬಹುದು. ತನ್ನ ಬಗ್ಗೆ ನೆಮ್ಮದಿಯಾಗಿರುವವರೂ ಖುಷಿಯಿಂದ ಒಪ್ಪಿಬಿಡುತ್ತಾರೆ. ಮೂಲದಲ್ಲಿದ್ದ ಕೊರತೆಯ ನೋವು ಮಾಯ! ಈ ವಾಕ್ಯ ಬೇರೆ ಹಲವು ಭಾಷೆಗಳಲ್ಲೂ ಹೀಗೇ ಕಾಟ ಕೊಟ್ಟಿದೆ.

ಇದನ್ನು ಹಿಡಿಯುವುದು ಹೇಗೆ? ಬಹಳ ಜನ ಜಾವಾ ವಾಕ್ಯವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಮೂಲಕ್ಕೆ ಹೊಂದಿತು ಅಂತ ಸಮಾಧಾನ ಪಡುತ್ತಾರೆ. ಇದಷ್ಟೇ ಸಾಲದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಪದ ಪದವಾಗಿ ಮಾಡಿದ ಅನುವಾದವೇ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುವುದು. ಮೇಲಿನ ವಾಕ್ಯವೂ ಪಾಸಾಗುತ್ತದೆ.

ಮೊದಲು ಜನರ ಹತ್ತಿರ ಕೂರಬೇಕು. ವಾಕ್ಯ ತೋರಿಸಿ, "ಇದನ್ನು ನಿಮ್ಮದೇ ಮಾತಲ್ಲಿ ಹೇಳಿ, ಉತ್ತರಿಸುವಾಗ ಏನು ನೆನಪಾಯಿತು?" ಎಂದು ಕೇಳಬೇಕು. ಹತ್ತು ಹದಿನೈದು ಜನರ ಮಾತು ಕೇಳುವಷ್ಟರಲ್ಲಿ ಇಂಥ ತಿರುವು ಹೊರಗೆ ಬಂದುಬಿಡಬಹುದು.

ಆಮೇಲೆ ಲೆಕ್ಕ. ಜಾವಾ ಮಾತಾಡುವ ಬಹಳಷ್ಟು ಜನರಿಗೆ ಇಂಡೋನೇಷ್ಯನ್ ಕೂಡ ಬರುತ್ತದೆ. ಕೆಲವು ನೂರು ಜನರಿಗೆ ಜಾವಾ ಪಟ್ಟಿ, ಅಷ್ಟೇ ಜನರಿಗೆ ಇಂಡೋನೇಷ್ಯನ್ ಪಟ್ಟಿ ಕೊಡಿ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಪ್ರತಿ ಉತ್ತರಕ್ಕೂ 1ರಿಂದ 4 ಅಂಕ ಎಂದಿಟ್ಟುಕೊಂಡು, ಎಂಟನೆಯದನ್ನು ಬಿಟ್ಟು ಉಳಿದ ಒಂಬತ್ತರಲ್ಲಿ ಒಂದೇ ಒಟ್ಟು ಅಂಕ, ಉದಾಹರಣೆಗೆ 27, ಪಡೆದವರನ್ನು ಎರಡೂ ಗುಂಪಿನಿಂದ ತೆಗೆಯಿರಿ. ಎಂಟನೆಯದರಲ್ಲಿ ಒಂದು ಗುಂಪಿನ ಸರಾಸರಿ 3, ಇನ್ನೊಂದರದು 2 ಬಂತು ಅಂದುಕೊಳ್ಳಿ. 27 ಅಲ್ಲದೆ ಬೇರೆ ಅಂಕ ಪಡೆದವರಲ್ಲೂ ಇದೇ ಥರ ಕಂಡರೆ, ವ್ಯತ್ಯಾಸ ಮನುಷ್ಯರದ್ದಲ್ಲ, ವಾಕ್ಯದ್ದು. ಎಂಟನೆಯದನ್ನು ಬಿಟ್ಟು ಕೂಡಿದ್ದು ಯಾಕೆ ಗೊತ್ತಾ? ಕೆಟ್ಟ ವಾಕ್ಯವೇ ಒಟ್ಟು ಅಂಕದಲ್ಲಿ ಸೇರಿಕೊಂಡಿದ್ದರೆ ಅಳತೆಗೋಲೇ ಸೊಟ್ಟ.

ಹೀಗೆ ಸಿಕ್ಕಿಬಿದ್ದ ವಾಕ್ಯವನ್ನು ಸುಮ್ನೆ ಕಿತ್ತು ಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಯಕೆಯ ಪದ ತೆಗೆದು, "ನನ್ನ ಬೆಲೆ ನನಗೇ ಕಾಣುತ್ತಿಲ್ಲ" ಎಂಬ ಅರ್ಥ ಬರುವ ಹಾಗೆ ಜಾವಾದಲ್ಲೇ ಹೊಸದಾಗಿ ಬರೆಯಿರಿ. ಹೊಸಬರ ಹತ್ತಿರ ಮತ್ತೆ ಕೇಳಿ. ವರದಿಯಲ್ಲಿ ಹತ್ತು ವಾಕ್ಯಗಳ ಫಲಿತಾಂಶವನ್ನೂ ಎಂಟನೆಯದಿಲ್ಲದ ಒಂಬತ್ತರ ಫಲಿತಾಂಶವನ್ನೂ ಪಕ್ಕಪಕ್ಕ ಕೊಡಿ. ಇಷ್ಟಾದರೂ ಇದು ಎರಡು ಭಾಷೆ ಬಲ್ಲವರ ಕಥೆ. ಜಾವಾ ಒಂದನ್ನೇ ಬಲ್ಲ ಹಳ್ಳಿಯ ಹಿರಿಯರ ಹತ್ತಿರ ಬೇರೆಯಾಗಿಯೇ ಹೋಗಿ ಕೂರಬೇಕು.