ಗೋಲು ತಡ ಆದಷ್ಟು ಭಾರ, ರೆಡ್ ಕಾರ್ಡ್ ಬೇಗ ಬಂದಷ್ಟು ಭಾರ

ಎಲ್ರಿಗೂ ನಮಸ್ಕಾರ. ಫುಟ್‌ಬಾಲ್ ಮ್ಯಾಚ್ ನಡೀತಿರುವಾಗ ಬೆಟ್ಟಿಂಗ್ ಆಡ್ಸ್ ದಿಢೀರ್ ಅಂತ ಬದಲಾಗತ್ತಲ್ಲ, ಅದರ ಹಿಂದಿರೋ ಲೆಕ್ಕ ನೋಡೋಣ. ಬೇಕಾಗಿರೋದು ಎರಡೇ ವಿಷಯ, ಈಗಿನ ಸ್ಕೋರು ಮತ್ತೆ ಉಳಿದ ಟೈಮಲ್ಲಿ ಎರಡೂ ಟೀಮಿಂದ ಸರಾಸರಿ ಎಷ್ಟು ಗೋಲು ಬರಬಹುದು ಅನ್ನೋದು. ಗೋಲು ಸ್ಕೋರನ್ನ ಬದಲಾಯಿಸತ್ತೆ, ರೆಡ್ ಕಾರ್ಡ್ ಮುಂದಿನ ಗೋಲಿನ ವೇಗವನ್ನ ಬದಲಾಯಿಸತ್ತೆ. ಈ ವ್ಯತ್ಯಾಸ ಹಿಡಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರತ್ತೆ.

ಒಂದು ಉದಾಹರಣೆ ತಗೊಳ್ಳಿ. ಪೂರ್ತಿ ಮ್ಯಾಚಿಗೆ ಹೋಮ್ ಟೀಮಿಂದ 1.5, ಅವೇ ಟೀಮಿಂದ 1.1 ಗೋಲು ನಿರೀಕ್ಷೆ, ಗೋಲುಗಳು 90 ನಿಮಿಷದಲ್ಲೂ ಒಂದೇ ವೇಗದಲ್ಲಿ ಬರತ್ತೆ ಅಂತ ಇಟ್ಕೊಂಡು ಪಾಯ್ಸಾನ್ ಲೆಕ್ಕ ಹಾಕಿದೀನಿ. 20ನೇ ನಿಮಿಷದಲ್ಲಿ 0-0 ಇದ್ರೆ ಹೋಮ್ ಗೆಲ್ಲೋ ಚಾನ್ಸ್ ಸುಮಾರು 43%, ಆಗ ಅವರು ಗೋಲು ಹೊಡೆದ್ರೆ 73% ಆಗತ್ತೆ. ಅದೇ ಗೋಲು 70ನೇ ನಿಮಿಷಕ್ಕೆ ಬಂದ್ರೆ 23%ರಿಂದ 84%ಗೆ ಹಾರತ್ತೆ, ಅಂದ್ರೆ ಬುಕ್ಕಿಯ ಮಾರ್ಜಿನ್ ಬಿಟ್ಟು 1ನ್ನ ಚಾನ್ಸಿಂದ ಭಾಗಿಸಿದ್ರೆ ಆಡ್ಸ್ 4.35 ಇದ್ದಿದ್ದು 1.19. ಯಾಕಂದ್ರೆ ಎದುರಾಳಿಗೆ ಸಮ ಮಾಡೋಕೆ ಟೈಮೇ ಇಲ್ಲ.

ಈಗ ಗೋಲಿನ ಬದಲು ಅವೇ ಟೀಮಿಗೆ ರೆಡ್ ಕಾರ್ಡ್ ಅನ್ನಿ. ಹತ್ತು ಜನ ಉಳಿದ ಟೀಮಿನ ವೇಗ ಮೂರನೇ ಒಂದು ಭಾಗ ಇಳಿಯತ್ತೆ, ಎದುರಾಳಿದು 30% ಏರತ್ತೆ ಅಂತ ಇಟ್ಕೊಳ್ಳೋಣ. 20ನೇ ನಿಮಿಷದಲ್ಲಾದ್ರೆ ಹೋಮ್ 43%ರಿಂದ 60%, 70ನೇ ನಿಮಿಷದಲ್ಲಾದ್ರೆ 23%ರಿಂದ 31% ಅಷ್ಟೇ, ಡ್ರಾನೇ ಇನ್ನೂ ಫೇವರಿಟ್.

ಟೋಟಲ್ಸಲ್ಲಿ, ಅಂದ್ರೆ ಎರಡೂ ಟೀಮಿನ ಒಟ್ಟು ಗೋಲಿನ ಬೆಟ್ಟಲ್ಲಿ, ಇದು ಇನ್ನೂ ಚೆನ್ನಾಗಿ ಕಾಣತ್ತೆ. 20ನೇ ನಿಮಿಷದ ಗೋಲು ಓವರ್ 2.5, ಅಂದ್ರೆ ಒಟ್ಟು ಮೂರು ಅಥವಾ ಹೆಚ್ಚು ಗೋಲು ಬರೋ ಚಾನ್ಸನ್ನ 33%ರಿಂದ 60%ಗೆ ಎತ್ತತ್ತೆ, ಅದೇ ನಿಮಿಷದ ರೆಡ್ ಕಾರ್ಡ್ 35%ಗೆ ಮಾತ್ರ, ಯಾಕಂದ್ರೆ ಒಬ್ರದ್ದು ಏರಿದ್ದನ್ನ ಇನ್ನೊಬ್ರದ್ದು ಇಳಿದು ಹೆಚ್ಚುಕಮ್ಮಿ ತಿಂದುಬಿಡತ್ತೆ. ಹಂಗಾಗಿ ಬರೀ ಕಾರ್ಡಿಗೆ ಟೋಟಲ್ಸ್ ಜೋರಾಗಿ ಅಲ್ಲಾಡಿದ್ರೆ ನಾನು ಮೊದ್ಲು ಜೊತೆಗೆ ಪೆನಾಲ್ಟಿ ಏನಾದ್ರೂ ಕೊಟ್ಟಿದಾರಾ ಅಂತ ನೋಡ್ತೀನಿ.

ಆದ್ರೆ ಆ 30% ಎಲ್ಲಾ ಮ್ಯಾಚಿಗೂ ಹೊಂದಲ್ಲ. 2006ರ ಆರ್ಸೆನಲ್-ಬಾರ್ಸಿಲೋನಾ ಚಾಂಪಿಯನ್ಸ್ ಲೀಗ್ ಫೈನಲ್ ನೆನಪಿಸ್ಕೊಳ್ಳಿ. 18ನೇ ನಿಮಿಷದಲ್ಲಿ ಆರ್ಸೆನಲ್ ಗೋಲ್‌ಕೀಪರ್ ಲೇಮನ್‌ಗೆ ರೆಡ್, ಬದಲಿ ಕೀಪರ್ ಅಲ್ಮುನಿಯಾನ ಇಳಿಸೋಕೆ ಪಿರೆಸ್‌ನ ಹೊರಗೆ ಕರೀಬೇಕಾಯ್ತು, ಅಂದ್ರೆ ಕಳ್ಕೊಂಡಿದ್ದು ಕೀಪರ್ ಆದ್ರೂ ಕಮ್ಮಿ ಆಗಿದ್ದು ಅಟ್ಯಾಕು. ಆಮೇಲೆ 37ನೇ ನಿಮಿಷದಲ್ಲಿ ಹತ್ತೇ ಜನರ ಆರ್ಸೆನಲ್‌ಗೆ ಕ್ಯಾಂಪ್‌ಬೆಲ್ ಗೋಲು! ಈಗ ಸ್ಕೋರು ಒಂದು ಕಡೆ ಎಳೀತಿದೆ, ವೇಗ ಇನ್ನೊಂದು ಕಡೆ. ಮುನ್ನಡೆ ಇರೋ ಹತ್ತು ಜನರ ಟೀಮು ಪೂರ್ತಿ ಹಿಂದೆ ಕೂತ್ಕೊಳ್ಳತ್ತೆ, ಅಂಥ ಕಡೆ ಸಮಬಲದ ಸ್ಕೋರಿಗೆ ಇಟ್ಟಿದ್ದ ಅಂದಾಜನ್ನೇ ಓಡಿಸಿದ್ರೆ ಎರಡೂ ಟೀಮಿನ ವೇಗ ತಪ್ಪಾಗತ್ತೆ. ಗೋಲಿಲ್ಲದೆ ಹೋದ ಒಂದೊಂದು ನಿಮಿಷವೂ ಆರ್ಸೆನಲ್ ಗೆಲ್ಲೋ ಆಡ್ಸ್ ಇಳಿಸ್ತಾ ಬರ್ಬೇಕು, 76ರಲ್ಲಿ ಎಟೋ ಸಮ ಮಾಡಿದಾಗ ಅಷ್ಟೂ ಒಂದೇ ಏಟಿಗೆ ವಾಪಸ್ ಹೋಗ್ಬೇಕು, ಐದು ನಿಮಿಷದೊಳಗೆ ಬೆಲೆಟ್ಟಿ ಹೊಡೆದು ಬಾರ್ಸಿಲೋನಾ 2-1 ಗೆದ್ದಿತು.