ಜಾಮೂನು ಪಾಕದಲ್ಲಿ ಕರಗುವುದೇಕೆ?

ಕೇಳುಗರಿಗೆ ನಮಸ್ಕಾರ.

ಜಾಮೂನು ಕೆಟ್ಟರೆ ಎಲ್ಲರೂ ಮೊದಲು ಬೈಯುವುದು ಪಾಕವನ್ನು. ಆದರೆ ಪಾಕದಲ್ಲಿ ಕಾಣುವ ತೊಂದರೆ ಬಹಳ ಸಲ ಹಿಟ್ಟಿನಲ್ಲೇ ಶುರುವಾಗಿರುತ್ತದೆ, ಅದೂ ಹಿಟ್ಟಿನಲ್ಲಿರುವ ನೀರಿನಿಂದ.

ಮಾಲೂರಿನ ನಮ್ಮ ಅತ್ತಿಗೆ ಮನೆಯದೇ ಸೀಮೆ ಹಸುವಿನ ಹಾಲು ಇಂಗಿಸಿ ಖೋವಾ ಮಾಡ್ತಾರೆ. ಹೋದ ದೀಪಾವಳಿಗೆ ಒಂದೂವರೆ ಲೀಟರ್ ಹಾಲು ಇಟ್ಟಿದ್ದರು. ಖೋವಾ 350 ಗ್ರಾಂ ಬಂತು. ಜಾಸ್ತಿ ಬಂತು ಅಂತ ಖುಷಿಪಟ್ಟರು. ಅದಕ್ಕೆ ನಾಲ್ಕು ಚಮಚ ಮೈದಾ, ಮೆತ್ತಗಾಗಲಿ ಅಂತ ಅರ್ಧ ಚಮಚ ಅಡುಗೆ ಸೋಡಾ ಹಾಕಿದರು. ಉಂಡೆಗಳು ಎಣ್ಣೆಯಲ್ಲಿ ಚೆನ್ನಾಗಿ ಉಬ್ಬಿದವು. ಪಾಕಕ್ಕೆ ಬಿಟ್ಟ ಕಾಲು ಗಂಟೆಯಲ್ಲಿ ಅರ್ಧದಷ್ಟು ಕರಗಿ, ಪಾತ್ರೆಯ ತಳದಲ್ಲಿ ಕಂದು ಬಣ್ಣದ ಗಸಿ ನಿಂತಿತ್ತು.

ಲೆಕ್ಕ ನೋಡಿ. ಹಸುವಿನ ಹಾಲಿನಲ್ಲಿ ನೀರು ಬಿಟ್ಟು ಉಳಿಯುವ ಗಟ್ಟಿ ಅಂಶ ನೂರಕ್ಕೆ ಸುಮಾರು 12. ಒಂದೂವರೆ ಲೀಟರಿನಲ್ಲಿ ಅದು 185 ಗ್ರಾಂ ಆಸುಪಾಸು. ಅಂದರೆ 350 ಗ್ರಾಂ ಖೋವಾದಲ್ಲಿ ಹತ್ತಿರಹತ್ತಿರ ಅರ್ಧ ನೀರೇ! ಜಾಮೂನಿಗೆ ಮೆದು ಖೋವಾ ಬೇಕು, ನಿಜ. ಆದರೆ ಅಷ್ಟು ಹಾಲಿಗೆ ತೂಕ 300 ಗ್ರಾಂ ಒಳಗೆ ಬರುವವರೆಗೂ ಕೈಯಾಡಿಸಬೇಕು. ಖೋವಾ ಬಾಣಲೆ ಬಿಟ್ಟು ಮುದ್ದೆಯಾಗಿ ಬರಬೇಕು, ಚಿಟಿಕೆ ತೆಗೆದು ಉಂಡೆ ಕಟ್ಟಿದರೆ ಬೆರಳಿಗೆ ಅಂಟಬಾರದು.

ಉಂಡೆಯನ್ನು ಹಿಡಿದಿಡುವುದು ಮೈದಾದ ಅಂಟು. ನೀರು ಜಾಸ್ತಿಯಾದರೆ ಆ ಹಿಡಿತ ಸಡಿಲವಾಗುತ್ತದೆ. ಮೇಲಿಂದ ಸೋಡಾ ಜಾಸ್ತಿಯಾದರೆ ಒಳಗೆ ದೊಡ್ಡ ದೊಡ್ಡ ತೂತು ಬಿದ್ದು ಉಂಡೆ ಟೊಳ್ಳಾಗುತ್ತದೆ. ಅಂಥದ್ದು ಪಾಕ ಹೀರಿದ ಕೂಡಲೇ ಕುಸಿಯುತ್ತದೆ. 300 ಗ್ರಾಂ ಖೋವಾಗೆ 60ರಿಂದ 70 ಗ್ರಾಂ ಮೈದಾ, ಎರಡು ಬೆರಳಲ್ಲಿ ಬರುವಷ್ಟು ಸೋಡಾ ಸಾಕು.

ಬಿರುಕಿನ ಕಾರಣ ಇದಕ್ಕೆ ತಿರುಗಾಮುರುಗಾ. ಹಿಟ್ಟು ಒಣಗಿದೆ, ಇಲ್ಲವೇ ಖೋವಾದಲ್ಲಿ ತರಿ ಉಳಿದಿದೆ. ಕೋಲಾರದ ಚಳಿಗಾಲದಲ್ಲಿ, ಅದರಲ್ಲೂ ಫ್ರಿಜ್‌ನಿಂದ ಆಗಷ್ಟೇ ತೆಗೆದ ಖೋವಾದಲ್ಲಿ, ಕೊಬ್ಬು ಬಿಗಿದುಕೊಂಡಿರುತ್ತದೆ. ಒಂದು ಗಂಟೆ ಹೊರಗಿಟ್ಟು, ಅಂಗೈಯ ಬುಡದಿಂದ ತಟ್ಟೆಗೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿ. ಮೈದಾ ಬಿದ್ದ ಮೇಲೆ ಮಾತ್ರ ಜಾಸ್ತಿ ನಾದಬೇಡಿ. ನಾದಿದಷ್ಟೂ ಅಂಟು ಬಿಗಿಯಾಗಿ ಜಾಮೂನು ರಬ್ಬರಿನಂತಾಗುತ್ತದೆ.

ಹಾಲಿನ ಪುಡಿಯ ಸ್ವಭಾವ ಬೇರೆ. ಅದು ನೀರನ್ನು ನಿಧಾನವಾಗಿ ಕುಡಿಯುತ್ತದೆ. ಕಲಸುವಾಗ ಅಂಟಂಟಾಗಿದ್ದ ಹಿಟ್ಟು ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅಂಟುತ್ತಿದೆ ಅಂತ ಆಗಲೇ ಪುಡಿ ಸೇರಿಸಿದರೆ ಉಂಡೆ ಸೀಳುವುದು ಖಂಡಿತ. ಅಂಟಾಗಿಯೇ ಬಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಕೈಗೆ ತುಪ್ಪ ಸವರಿ ಉಂಡೆ ಕಟ್ಟಿ. ಇನ್ನೊಂದು ಮಾತು, ಪ್ಯಾಕೆಟ್ ಹಿಂಬದಿ ಓದಿ. ಟೀ ಕಾಫಿಗೆಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ. ಅದು ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತದೆ, ಒಳಗೆ ಬೆಂದಿರುವುದಿಲ್ಲ.

ಎಲ್ಲ ಉಂಡೆ ಕಟ್ಟುವ ಮೊದಲು ಒಂದೇ ಒಂದನ್ನು ಕರಿದು ನೋಡಿ. ಉಂಡೆ ಮೊದಲು ತಳಕ್ಕೆ ಹೋಗಿ, ಸುತ್ತ ಸಣ್ಣ ಗುಳ್ಳೆ ಬಂದು, ನಿಧಾನವಾಗಿ ಮೇಲೇಳಬೇಕು. ಬಿಟ್ಟ ತಕ್ಷಣ ತೇಲಿದರೆ ಎಣ್ಣೆ ಕಾದದ್ದು ಹೆಚ್ಚಾಯಿತು. ಎಣ್ಣೆಯಲ್ಲೇ ಒಡೆದು ಹರಡಿದರೆ ಹಿಟ್ಟಿಗೆ ಒಂದು ಚಮಚ ಮೈದಾ ಸೇರಿಸಿ. ಮೈಮೇಲೆ ಗೆರೆ ಬಿಟ್ಟರೆ ನಾಲ್ಕು ಹನಿ ಹಾಲು. ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಆರೇಳು ನಿಮಿಷ ಕರಿಯಬೇಕು, ಅವಸರ ಬೇಡ.

ಈಗ ಪಾಕಕ್ಕೆ ಬರೋಣ. ಒಂದೂವರೆ ಲೋಟ ಸಕ್ಕರೆಗೆ ಒಂದು ಲೋಟ ನೀರು, ಕುದಿ ಬಂದ ಮೇಲೆ ನಾಲ್ಕೈದು ನಿಮಿಷ. ಬೆರಳಿಗೆ ಅಂಟಬೇಕು, ಎಳೆ ಬರಬಾರದು. ಎಳೆ ಪಾಕ ಉಂಡೆಯೊಳಗೆ ಇಳಿಯುವುದಿಲ್ಲ, ಒಳಗಿನ ನೀರನ್ನೇ ಹೊರಗೆ ಎಳೆಯುತ್ತದೆ. ಹೊರಗೆ ಸುಕ್ಕು, ನಡುವೆ ಗಟ್ಟಿ ಗಂಟು. ಕುದಿಯುವ ಪಾಕಕ್ಕೂ ಹಾಕಬೇಡಿ, ಉಂಡೆ ಬಿಟ್ಟುಹೋಗುತ್ತದೆ. ಒಲೆ ಆರಿಸಿ, ಬೆರಳಿಟ್ಟರೆ ಚುರ್ ಅನ್ನುವಷ್ಟು ಬಿಸಿ ಇರುವಾಗ ಹಾಕಿ. ಉಂಡೆಯೂ ಎಣ್ಣೆಯಿಂದ ತೆಗೆದು ಎರಡು ನಿಮಿಷ ಆರಿರಲಿ. ಎರಡು ಗಂಟೆಯಾದರೂ ನೆನೆಯಬೇಕು.

ಗಟ್ಟಿಯಾಗಿಬಿಟ್ಟಿದ್ದರೆ ಅರ್ಧ ಲೋಟ ಬಿಸಿನೀರು ಪಾಕಕ್ಕೆ ಸೇರಿಸಿ, ಜಾಮೂನಿನ ಸಮೇತ ಸಣ್ಣ ಉರಿಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ ಮುಚ್ಚಿಡಿ. ಪಾಕ ದಪ್ಪವಾಗಿ ಗಟ್ಟಿಯಾದದ್ದು ಇದರಿಂದ ಮೆತ್ತಗಾಗುತ್ತದೆ. ಮೈದಾ ಜಾಸ್ತಿಯಾಗಿಯೋ ನಾದಿದ್ದು ಹೆಚ್ಚಾಗಿಯೋ ಗಟ್ಟಿಯಾದದ್ದು ಮಾತ್ರ ಮೆತ್ತಗಾಗದು.

ನಮಸ್ಕಾರ.