ಲಾಭ ಹಂಚುವ ಮೊದಲು

ಕೇಳುಗರಿಗೆ ನಮಸ್ಕಾರ. ಕೈಗೆ ಒಂದು ಹಾಳೆ, ಪೆನ್ಸಿಲ್ ಸಿಕ್ಕರೆ ತೆಗೆದುಕೊಳ್ಳಿ. ಇವತ್ತು ಪಾಲುದಾರಿಕೆ ಸಂಸ್ಥೆಯ ಲಾಭ ನಷ್ಟ ವಿನಿಯೋಗ ಖಾತೆಯನ್ನು, ಅಂದರೆ ಬಂದ ಲಾಭ ಪಾಲುದಾರರಿಗೆ ಹೇಗೆ ಹಂಚಿಹೋಯಿತು ಅಂತ ತೋರಿಸುವ ಖಾತೆಯನ್ನು, ಒಟ್ಟಿಗೆ ಬರೆಯೋಣ.

ಸುಧಾ, ರಘು ಅಂತ ಇಬ್ಬರು ಪಾಲುದಾರರು ಅಂದುಕೊಳ್ಳಿ. ಲಾಭ ಹಂಚಿಕೊಳ್ಳುವುದು 3:2ರ ಪ್ರಮಾಣದಲ್ಲಿ. ವರ್ಷದ ಲಾಭ ನಷ್ಟ ಖಾತೆ ಮುಗಿದು ನಿವ್ವಳ ಲಾಭ 3,23,200 ರೂಪಾಯಿ ಬಂದಿದೆ. ಇದನ್ನು ಸೀದಾ ಐದು ಪಾಲು ಮಾಡಿಬಿಡುವ ಹಾಗಿಲ್ಲ. ಅವರ ಒಪ್ಪಂದದಲ್ಲಿ ಇನ್ನೂ ನಾಲ್ಕು ಮಾತುಗಳಿವೆ. ಬಂಡವಾಳಕ್ಕೆ ಶೇಕಡಾ 6 ಬಡ್ಡಿ. ಡ್ರಾಯಿಂಗ್ಸ್ ಮೇಲೆ, ಅಂದರೆ ಸ್ವಂತ ಖರ್ಚಿಗೆ ತೆಗೆದ ಹಣದ ಮೇಲೆ, ಶೇಕಡಾ 10 ಬಡ್ಡಿ. ರಘುವಿಗೆ ತಿಂಗಳಿಗೆ 5,000 ಸಂಬಳ. ಸುಧಾಗೆ ಶೇಕಡಾ 10 ಕಮಿಷನ್. ಒಪ್ಪಂದದಲ್ಲಿ ಬರೆದಿಲ್ಲ ಅಂದರೆ ಬಂಡವಾಳದ ಬಡ್ಡಿಯೂ ಇಲ್ಲ, ಸಂಬಳವೂ ಇಲ್ಲ. ಯಾರು ಎಷ್ಟೇ ದುಡಿದಿರಲಿ.

ಸುಲಭದ್ದು ಮೊದಲು ಮುಗಿಸೋಣ. ಸುಧಾ ಬಂಡವಾಳ 5 ಲಕ್ಷ, ಬಡ್ಡಿ 30,000. ರಘು ಬಂಡವಾಳ 3 ಲಕ್ಷ, ಬಡ್ಡಿ 18,000. ರಘುವಿನ ವರ್ಷದ ಸಂಬಳ 60,000. ಮೂರನ್ನೂ ಖಾತೆಯ ಡೆಬಿಟ್ ಕಡೆ ಬರೆಯಿರಿ. ಆದರೆ ಸಂಬಳವನ್ನು ಬರೆಯುವ ಮೊದಲು ಲಾಭ ನಷ್ಟ ಖಾತೆಯನ್ನು ಒಮ್ಮೆ ತಿರುವಿ ನೋಡಿ. ಗುಮಾಸ್ತರ ಸಂಬಳದ ಜೊತೆಗೆ ರಘುವಿನದ್ದೂ ಅಲ್ಲೇ ಕಳೆದುಹೋಗಿದ್ದರೆ, ಅದನ್ನು ಮೊದಲು ಲಾಭಕ್ಕೆ ವಾಪಸ್ ಸೇರಿಸಬೇಕು. ಇಲ್ಲದಿದ್ದರೆ ಒಂದೇ ಸಂಬಳ ಎರಡು ಸಲ ಕಳೆದಂತಾಗುತ್ತದೆ.

ಈಗ ಡ್ರಾಯಿಂಗ್ಸ್. ಇಬ್ಬರೂ ತಿಂಗಳಿಗೆ 4,000 ತೆಗೆದಿದ್ದಾರೆ, ವರ್ಷಕ್ಕೆ 48,000. ಆದರೆ ಸುಧಾ ತೆಗೆಯುವುದು ಪ್ರತಿ ತಿಂಗಳ ಮೊದಲ ದಿನ, ರಘು ಕೊನೆಯ ದಿನ. ಹಾಗಾಗಿ ಬಡ್ಡಿ ಒಂದೇ ಆಗುವುದಿಲ್ಲ. ಸುಧಾ ಮೊದಲ ಸಲ ತೆಗೆದ ಹಣ 12 ತಿಂಗಳು ಸಂಸ್ಥೆಯ ಹೊರಗಿತ್ತು, ಕೊನೆಯ ಸಲದ್ದು 1 ತಿಂಗಳು. ಸರಾಸರಿ ಆರೂವರೆ ತಿಂಗಳು. ರಘುವಿನ ಮೊದಲನೆಯದು 11 ತಿಂಗಳು, ಕೊನೆಯದು ವರ್ಷದ ಕೊನೆಯ ದಿನವೇ ಆದ್ದರಿಂದ ಸೊನ್ನೆ. ಸರಾಸರಿ ಐದೂವರೆ. 48,000ಕ್ಕೆ ವರ್ಷದ ಬಡ್ಡಿ 4,800, ಅಂದರೆ ತಿಂಗಳಿಗೆ 400. ಸುಧಾ 2,600 ಕೊಡಬೇಕು, ರಘು 2,200. ಇದು ಪಾಲುದಾರರಿಂದ ಸಂಸ್ಥೆಗೆ ಬರುವ ಹಣ, ಅದಕ್ಕೇ ಕ್ರೆಡಿಟ್ ಕಡೆ ಹೋಗುತ್ತದೆ. ಮೊತ್ತ ಅದೇ ಇದ್ದು, ಸಮನಾದ ಅಂತರದಲ್ಲಿ ತೆಗೆದಾಗ ಮಾತ್ರ ಈ ಸರಾಸರಿ ನಡೆಯುತ್ತದೆ. ಒಂದು ತಿಂಗಳು 2,000, ಇನ್ನೊಂದು ತಿಂಗಳು 9,000 ಅಂತ ತೆಗೆದಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ ಹಾಕಲೇಬೇಕು.

ಕಮಿಷನ್ ಕೊನೆಗೆ ಇಟ್ಟಿದ್ದೇನೆ, ಬೇಕಂತಲೇ. ಜಾಸ್ತಿ ಜಗಳ ಆಗುವುದು ಇಲ್ಲೇ. ಒಪ್ಪಂದದ ಮಾತು ಹೀಗಿದೆ: ಬಡ್ಡಿ, ಸಂಬಳ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಈ ಕಮಿಷನ್ನನ್ನೂ ಕಳೆದು ಉಳಿಯುವ ಲಾಭದ ಮೇಲೆ ಶೇಕಡಾ 10. ಮೊದಲು 3,23,200ಕ್ಕೆ 4,800 ಸೇರಿಸಿ, 3,28,000 ಆಯಿತು. ಬಂಡವಾಳದ ಬಡ್ಡಿ 48,000, ಸಂಬಳ 60,000 ಕಳೆಯಿರಿ. ಉಳಿದದ್ದು 2,20,000. ಇದರ ಹತ್ತನೇ ಒಂದು ಭಾಗ ಅಂತ 22,000 ಬರೆದರೆ ತಪ್ಪು. ಕಳೆದ ಮೇಲೆ ಉಳಿಯುವುದು 100 ಆದರೆ ಕಮಿಷನ್ 10, ಅಲ್ವಾ? ಅಂದರೆ ಕಳೆಯುವ ಮೊದಲು 110 ಇರಬೇಕು. ಹಾಗಾಗಿ 110ರಲ್ಲಿ 10, ಅಂದರೆ ಹನ್ನೊಂದರಲ್ಲಿ ಒಂದು ಪಾಲು, 20,000. ಉಳಿದ 2,00,000ಕ್ಕೆ ಶೇಕಡಾ 10 ಹಾಕಿ ನೋಡಿ, ಸರಿಯಾಗಿ 20,000 ಬರುತ್ತದೆ. 'ಕಮಿಷನ್ ಕಳೆಯುವ ಮೊದಲಿನ ಲಾಭದ ಮೇಲೆ' ಅಂತ ಇದ್ದಿದ್ದರೆ 22,000ವೇ ಸರಿ.

ಇನ್ನು 2,00,000 ಹಂಚಿದರೆ ಸುಧಾಗೆ 1,20,000, ರಘುವಿಗೆ 80,000. ಎಲ್ಲ ಸರಿ ಬಂತೇ ಅಂತ ತಿಳಿಯಲು ನನಗಿಷ್ಟವಾದ ದಾರಿ ಒಂದಿದೆ. ಡ್ರಾಯಿಂಗ್ಸ್ ಬಡ್ಡಿ ಕಳೆದು ಇಬ್ಬರಿಗೂ ಒಟ್ಟು ಸಿಕ್ಕಿದ್ದೆಷ್ಟು ನೋಡಿ. ಸುಧಾಗೆ 1,67,400, ರಘುವಿಗೆ 1,55,800. ಕೂಡಿದರೆ 3,23,200, ಅದೇ ನಿವ್ವಳ ಲಾಭ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಎಲ್ಲೋ ಎಡವಿದ್ದೀರಿ. ಆದರೆ ಇದು ಕೂಡಿಕೆಯ ತಪ್ಪನ್ನಷ್ಟೇ ಹಿಡಿಯುತ್ತದೆ. 22,000 ಕಮಿಷನ್ ಬರೆದಿದ್ದರೂ ಮೊತ್ತ ಸುಮ್ನೆ ತಾಳೆ ಬೀಳುತ್ತಿತ್ತು.

ಲಾಭವೇ ಸಾಲದಿದ್ದರೆ? ನಿವ್ವಳ ಲಾಭ ಬರೀ 49,200 ಅನ್ನಿ. ಡ್ರಾಯಿಂಗ್ಸ್ ಬಡ್ಡಿ ಸೇರಿ 54,000. ಬಂಡವಾಳದ ಬಡ್ಡಿ, ಸಂಬಳ ಸೇರಿ ಕೊಡಬೇಕಾದ್ದು 1,08,000. ಲಾಭ ಇದ್ದಷ್ಟು ಮಾತ್ರ ಕೊಡಬೇಕು ಅಂತಿದ್ದರೆ, ಬೇಡಿಕೆಯ ಪ್ರಮಾಣದಲ್ಲೇ ಹಂಚಬೇಕು, 3:2ರಲ್ಲಿ ಅಲ್ಲ. ಇಲ್ಲಿ ಇರುವುದು ಸರಿಯಾಗಿ ಅರ್ಧ. ಹಾಗಾಗಿ ಸುಧಾಗೆ 30,000ದ ಬದಲು 15,000, ರಘುವಿಗೆ 78,000ದ ಬದಲು 39,000. ಕಮಿಷನ್ ಸೊನ್ನೆ, ಹಂಚಲು ಲಾಭವೂ ಇಲ್ಲ. ಆದರೂ ಡ್ರಾಯಿಂಗ್ಸ್ ಬಡ್ಡಿ 2,600, 2,200 ಇಬ್ಬರ ಖಾತೆಗೂ ಹಾಗೆಯೇ ಡೆಬಿಟ್ ಆಗುತ್ತದೆ. ನಮಸ್ಕಾರ.